402ರಿಂದ 168 ಕಳೆದರೆ 144 ಬರುವುದೇಕೆ? ದಶಕ ಬಿಡಿಸುವ ಲೆಕ್ಕಕ್ಕೊಂದು ಅಭ್ಯಾಸ ಹಾಳೆ

ಮೂರನೇ ತರಗತಿಯ ಮಕ್ಕಳಿಗೆ 402 − 168 ಕೊಟ್ಟು ನೋಡಿ. ಸರಿ ಉತ್ತರ 234. ತಪ್ಪು ಮಾಡಿದವರ ಹಾಳೆಗಳನ್ನು ಒಟ್ಟಿಗೆ ಹರಡಿಕೊಂಡರೆ ಉತ್ತರಗಳು ಚೆಲ್ಲಾಪಿಲ್ಲಿಯಾಗಿ ಇರುವುದಿಲ್ಲ. 366, 244, 334, 144 ಎಂಬ ಕೆಲವೇ ಉತ್ತರಗಳು ಬೇರೆ ಬೇರೆ ಮಕ್ಕಳ ಹಾಳೆಯಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಮಗು ಅಂದಾಜಿನಲ್ಲಿ ಏನೋ ಒಂದು ಬರೆದಿದ್ದರೆ ಹೀಗಾಗುತ್ತಿರಲಿಲ್ಲ. ಅದು ಒಂದು ಕ್ರಮವನ್ನು ಹಿಡಿದೇ ಹೋಗಿದೆ, ಆ ಕ್ರಮದಲ್ಲಿ ಒಂದು ಮೆಟ್ಟಿಲು ಮಾತ್ರ ತಪ್ಪಿದೆ. ಅಮೆರಿಕದ ಸಂಶೋಧಕರಾದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಳೆಯುವ ಲೆಕ್ಕದ ಇಂಥ ತಪ್ಪುಗಳಿಗೆ ಕಂಪ್ಯೂಟರಿನವರು ಬಳಸುವ 'ಬಗ್' ಎಂಬ ಹೆಸರನ್ನೇ ಇಟ್ಟರು. ಪ್ರೋಗ್ರಾಮಿನಲ್ಲಿ ಒಂದು ಸಾಲು ತಪ್ಪಿದ್ದರೆ ಪ್ರತಿ ಸಲವೂ ಅದೇ ತಪ್ಪು ಫಲ ಬರುವ ಹಾಗೆ, ಮಗುವಿನ ಕ್ರಮದಲ್ಲಿ ಒಂದು ಮೆಟ್ಟಿಲು ತಪ್ಪಿದ್ದರೆ ಪ್ರತಿ ಲೆಕ್ಕದಲ್ಲೂ ಅದು ತಲೆಯೆತ್ತುತ್ತದೆ.

ಹಾಗಾಗಿ ಅಭ್ಯಾಸ ಹಾಳೆ ಎಂದರೆ ಇಪ್ಪತ್ತು ಲೆಕ್ಕ ಬರೆದುಕೊಡುವುದಲ್ಲ. ತಪ್ಪು ಕ್ರಮ ಹಿಡಿದ ಮಗು ಇಪ್ಪತ್ತು ಲೆಕ್ಕ ಮಾಡಿದರೆ ಆ ತಪ್ಪನ್ನೇ ಇಪ್ಪತ್ತು ಸಲ ಅಭ್ಯಾಸ ಮಾಡಿದಂತಾಯಿತು. ಎಂಟೇ ಲೆಕ್ಕ ಸಾಕು, ಆದರೆ ಯಾವ ಮೆಟ್ಟಿಲು ತಪ್ಪಿದೆ ಎಂದು ಉತ್ತರ ನೋಡಿದ ಕೂಡಲೇ ತಿಳಿಯುವ ಹಾಗೆ ಸಂಖ್ಯೆಗಳನ್ನು ಆರಿಸಿರಬೇಕು. ಅದರ ಬೆನ್ನಿಗೇ, ಬೇರೆಯವರು ಮಾಡಿದ ತಪ್ಪನ್ನು ಮಗು ತಾನೇ ಹುಡುಕಿ ಸರಿಪಡಿಸುವ ಒಂದು ಭಾಗ ಇರಬೇಕು. ಅಂಥ ಒಂದು ಹಾಳೆಯನ್ನು ಇಲ್ಲಿ ಪೂರ್ತಿಯಾಗಿ ಕೊಟ್ಟಿದೆ. ಎರಡು ಅಂಕಿಯ ಲೆಕ್ಕ ಕಲಿತು ಮೂರು ಅಂಕಿಗೆ ಕಾಲಿಡುತ್ತಿರುವ ಮಕ್ಕಳಿಗೆ ಇದು ಹೊಂದುತ್ತದೆ.

'ಸಾಲ' ಅನ್ನುವುದಕ್ಕಿಂತ 'ಚಿಲ್ಲರೆ' ಮೇಲು

ಪಠ್ಯಪುಸ್ತಕ ಇದನ್ನು ದಶಕ ಸಹಿತ ವ್ಯವಕಲನ ಎನ್ನುತ್ತದೆ. ಮನೆಯಲ್ಲಿ ಹೇಳಿಕೊಡುವವರ ಬಾಯಲ್ಲಿ ಅದು 'ಪಕ್ಕದ ಮನೆಯಿಂದ ಒಂದು ಸಾಲ ತಗೋ' ಎಂದಾಗುತ್ತದೆ. ಈ ಮಾತಿನಲ್ಲಿ ಎರಡು ತೊಡಕಿವೆ. ಸಾಲ ಎಂದ ಮೇಲೆ ತೀರಿಸಬೇಕು, ಇಲ್ಲಿ ಯಾರೂ ತೀರಿಸುವುದಿಲ್ಲ. ಎರಡನೆಯದು ಇನ್ನೂ ದೊಡ್ಡದು: 'ಒಂದು' ತಂದೆವು ಎನ್ನುತ್ತೇವೆ, ಮೂರರ ಹಿಂದೆ ಆ ಒಂದನ್ನು ಅಂಟಿಸಿದ ಕೂಡಲೇ ಅದು ಹದಿಮೂರಾಗಿಬಿಡುತ್ತದೆ. ತಂದದ್ದು ಒಂದು, ಹೆಚ್ಚಾದದ್ದು ಹತ್ತು. ಇದು ಮಗುವಿಗೆ ಮಾಟದಂತೆ ಕಾಣುತ್ತದೆ. ಅರ್ಥವಾಗದ್ದನ್ನು ಅದು ಬಾಯಿಪಾಠ ಮಾಡಿಕೊಳ್ಳುತ್ತದೆ, ನಡುವೆ ಸೊನ್ನೆ ಬಂದ ದಿನ ಬಾಯಿಪಾಠ ಕೈಕೊಡುತ್ತದೆ.

ಬೇಕಾದ ಪದಗಳು ಕನ್ನಡದಲ್ಲೇ ಇವೆ. ಮೊದಲ ಸ್ಥಾನದ ಹೆಸರೇ 'ಬಿಡಿ'. ಬಿಡಿ ಹೂವು, ಕಟ್ಟಿದ ಹೂವು ಅನ್ನುವಾಗಿನ ಅದೇ ಬಿಡಿ. ಹತ್ತು ಬಿಡಿ ಸೇರಿಸಿ ಕಟ್ಟಿದರೆ ಒಂದು ಕಟ್ಟು. ಬಿಡಿ ಸಾಲದಿದ್ದರೆ ಒಂದು ಕಟ್ಟನ್ನು ಬಿಚ್ಚಬೇಕು. ದುಡ್ಡಿನ ಮಾತಿನಲ್ಲಿ ಹೇಳುವುದಾದರೆ ನೋಟು ಮುರಿಸಿ ಚಿಲ್ಲರೆ ಮಾಡಬೇಕು. ಚಿಲ್ಲರೆ ಮಾಡಿಸಿದರೆ ಕೈಯಲ್ಲಿರುವ ದುಡ್ಡು ಹೆಚ್ಚೂ ಆಗದು, ಕಡಿಮೆಯೂ ಆಗದು ಎಂದು ಅಂಗಡಿಗೆ ಹೋಗಿ ಬರುವ ಮಗುವಿಗೆ ಆಗಲೇ ಗೊತ್ತಿರುತ್ತದೆ. ಈ ಲೆಕ್ಕದ ಜೀವ ಇರುವುದೇ ಅಲ್ಲಿ: 52 ಎಂದರೆ ಐದು ಹತ್ತು, ಎರಡು ಬಿಡಿ. ಒಂದು ಹತ್ತನ್ನು ಬಿಡಿಸಿದ ಮೇಲೆ ಅದೇ 52 ನಾಲ್ಕು ಹತ್ತು, ಹನ್ನೆರಡು ಬಿಡಿ. ಇದನ್ನು ಬಾಯಲ್ಲಿ ಹೇಳಿಸಿ: 'ಐವತ್ತೆರಡು ಅಂದರೆ ನಲವತ್ತು, ಹನ್ನೆರಡು.'

ಹಾಳೆಗೆ ಮೊದಲು ಬೇಕಾದ ಸಾಮಾನು

ಎರಡು ಅಂಕಿಯ ಲೆಕ್ಕಕ್ಕೆ ನೂರು ಕಡ್ಡಿ, ಹತ್ತು ರಬ್ಬರ್ ಬ್ಯಾಂಡ್ ಸಾಕು. ತೆಂಗಿನಗರಿಯ ಕಡ್ಡಿಯನ್ನು ಬೆರಳುದ್ದಕ್ಕೆ ಕತ್ತರಿಸಿಕೊಂಡರೆ ಆಯಿತು. ಮೂರು ಅಂಕಿಗೆ ಕಡ್ಡಿ ಆಗುವುದಿಲ್ಲ. 402 ಕಡ್ಡಿ ಎಣಿಸುವಷ್ಟರಲ್ಲಿ ಮಗು ಲೆಕ್ಕವನ್ನೇ ಮರೆತಿರುತ್ತದೆ. ಅಲ್ಲಿ ಆಟದ ದುಡ್ಡು ಬೇಕು. ಇಬ್ಬರು ಮಕ್ಕಳಿಗೆ ನೂರರ ಒಂಬತ್ತು ಚೀಟಿ, ಹತ್ತರ ಇಪ್ಪತ್ತು ಚೀಟಿ, ಒಂದರ ಇಪ್ಪತ್ತು ಚೀಟಿ ಇದ್ದರೆ ಈ ಹಾಳೆಯ ಎಲ್ಲ ಲೆಕ್ಕಗಳೂ ಮುಗಿಯುತ್ತವೆ. ಮೂರಕ್ಕೂ ಬೇರೆ ಬೇರೆ ಬಣ್ಣದ ಕಾಗದ ಇರಲಿ. ಒಂದು ಮಗು ಲೆಕ್ಕ ಮಾಡುವಾಗ ಇನ್ನೊಂದು ಚಿಲ್ಲರೆ ಕೊಡುವ ಅಂಗಡಿಯವರಾಗಲಿ.

ಹಾಳೆಯನ್ನು ಚೌಕಗಳಿರುವ ಕಾಗದದ ಮೇಲೆ ಬರೆಯಿರಿ, ಚೌಕ ಸುಮಾರು ಒಂದು ಸೆಂಟಿಮೀಟರ್ ಇರಲಿ. ಮೇಲಿನ ಸಂಖ್ಯೆಯ ತಲೆಯ ಮೇಲೆ ಎರಡು ಸಾಲು ಚೌಕ ಖಾಲಿ ಬಿಡಿ. ಅಚ್ಚಾದ ಹಾಳೆಗಳಲ್ಲಿ ಎದ್ದು ಕಾಣುವ ಕೊರತೆಯೇ ಇದು. ಹೊಡೆದು ಹಾಕಿ ಹೊಸ ಅಂಕಿ ಬರೆಯಲು ಜಾಗವಿರುವುದಿಲ್ಲ, ಮಗು ಹಳೆಯ ಅಂಕಿಯ ಮೇಲೇ ತಿದ್ದುತ್ತದೆ, ಆಮೇಲೆ 3 ಯಾವುದು 8 ಯಾವುದು ಎಂದು ಅದಕ್ಕೇ ತಿಳಿಯುವುದಿಲ್ಲ. ಅಳಿಸುವ ರಬ್ಬರನ್ನು ಎತ್ತಿಡಿ. ಅಳಿಸಿದರೆ ತಪ್ಪಿನ ಜಾಡೂ ಅಳಿಸಿಹೋಗುತ್ತದೆ, ನಿಮಗೆ ಬೇಕಾಗಿರುವುದು ಆ ಜಾಡೇ.

ಒಂದನೇ ಭಾಗ: ಬಿಡಿಸಿ ಬರೆ

ಇಲ್ಲಿ ಕಳೆಯುವ ಕೆಲಸವೇ ಇಲ್ಲ. ಚಿಲ್ಲರೆ ಮಾಡುವುದಷ್ಟೇ.

43 = 3 ಹತ್ತು, ___ ಬಿಡಿ
70 = 6 ಹತ್ತು, ___ ಬಿಡಿ
325 = 3 ನೂರು, 1 ಹತ್ತು, ___ ಬಿಡಿ
418 = 3 ನೂರು, ___ ಹತ್ತು, 8 ಬಿಡಿ
300 = 2 ನೂರು, 9 ಹತ್ತು, ___ ಬಿಡಿ

ಉತ್ತರ 13, 10, 15, 11, 10. ಕೊನೆಯದು ಮಾತ್ರ ಕಠಿಣ. ಅದು ಬಂದರೆ 402ರ ಅರ್ಧ ದಾರಿ ಮುಗಿಯಿತು. ಬರದಿದ್ದರೆ ನೂರರ ಮೂರು ಚೀಟಿ ಕೊಟ್ಟು, ಒಂದನ್ನು ಹತ್ತರ ಚಿಲ್ಲರೆ ಮಾಡಿಸಿ, ಅದರಲ್ಲಿ ಒಂದನ್ನು ಮತ್ತೆ ಒಂದರ ಚಿಲ್ಲರೆ ಮಾಡಿಸಿ. ಈಗ ಮೇಜಿನ ಮೇಲೆ ಏನೇನಿದೆ ಎಂದು ಎಣಿಸಿ ಬರೆಯಲಿ. ಈ ಭಾಗದಲ್ಲಿ ಎಡವುವ ಮಗುವಿಗೆ ಮುಂದಿನ ಭಾಗ ಆ ದಿನ ಕೊಡಬೇಡಿ.

ಎರಡನೇ ಭಾಗ: ಬಿಡಿಸಬೇಕೋ ಬೇಡವೋ, ನೋಡಿ ಕಳೆ

1) 63 − 27
2) 89 − 43
3) 90 − 34
4) 472 − 138
5) 548 − 273
6) 734 − 256
7) 640 − 268
8) 402 − 168

ಲೆಕ್ಕ ಶುರುಮಾಡುವ ಮೊದಲು, ಎಲ್ಲಿ ಬಿಡಿಸಬೇಕಾಗುತ್ತದೋ ಆ ಸ್ಥಾನದ ಕೆಳಗೆ ಒಂದು ಚುಕ್ಕೆ ಇಡಲಿ. ನಾಲ್ಕನೆಯದರಲ್ಲಿ ಬಿಡಿ ಸ್ಥಾನಕ್ಕೆ ಮಾತ್ರ ಚುಕ್ಕೆ, ಐದನೆಯದರಲ್ಲಿ ಹತ್ತರ ಸ್ಥಾನಕ್ಕೆ ಮಾತ್ರ, ಆರರಿಂದ ಎಂಟರವರೆಗೆ ಎರಡಕ್ಕೂ. ಎರಡನೆಯದಕ್ಕೆ ಚುಕ್ಕೆಯೇ ಇಲ್ಲ, ಅದನ್ನು ಬೇಕೆಂದೇ ಇಟ್ಟಿದ್ದು. ಎಲ್ಲ ಲೆಕ್ಕದಲ್ಲೂ ಬಿಡಿಸಲೇಬೇಕು ಎಂದಿದ್ದರೆ ಮಗು ನೋಡುವುದನ್ನೇ ಬಿಟ್ಟು, ಕಂಡ ಅಂಕಿಗಳನ್ನೆಲ್ಲ ಹೊಡೆಯುತ್ತಾ ಹೋಗುತ್ತದೆ. ಅಂಥ ಮಗು 89 − 43ರಲ್ಲೂ ಎಂಟನ್ನು ಏಳು ಮಾಡಿ, ಹತ್ತೊಂಬತ್ತರಲ್ಲಿ ಮೂರು ಕಳೆದು ಹದಿನಾರನ್ನು ಬಿಡಿ ಸ್ಥಾನದಲ್ಲೇ ತುರುಕಿ 316 ಎಂದು ಬರೆಯುತ್ತದೆ.

ಸರಿ ಉತ್ತರಗಳು ಕ್ರಮವಾಗಿ 36, 46, 56, 334, 275, 478, 372, 234.

ಸಂಖ್ಯೆಗಳನ್ನು ನೀವೇ ಬದಲಾಯಿಸಿ ಹೊಸ ಹಾಳೆ ಮಾಡುವುದಾದರೆ ಒಂದು ಎಚ್ಚರಿಕೆ ಇದೆ, ಹಾಳೆ ತಯಾರಿಸುವ ಬಹಳ ಮಂದಿ ಇದನ್ನು ಗಮನಿಸುವುದಿಲ್ಲ. ಬಿಡಿಸಬೇಕಾದ ಸ್ಥಾನದಲ್ಲಿ ಮೇಲಿನ ಅಂಕಿಗೂ ಕೆಳಗಿನ ಅಂಕಿಗೂ ಐದರ ಅಂತರ ಇರಬಾರದು. 61 − 26 ತೆಗೆದುಕೊಳ್ಳಿ, ಸರಿ ಉತ್ತರ 35. ಒಂದು ಮಗು ತಲೆಕೆಳಗಾಗಿ ಆರರಲ್ಲಿ ಒಂದು ಕಳೆದು 5, ಆರರಲ್ಲಿ ಎರಡು ಕಳೆದು 4, ಒಟ್ಟು 45 ಬರೆಯಿತು. ಇನ್ನೊಂದು ಮಗು ಸರಿಯಾಗಿಯೇ ಹನ್ನೊಂದರಲ್ಲಿ ಆರು ಕಳೆದು 5 ಬರೆಯಿತು, ಆದರೆ ಹತ್ತರ ಸ್ಥಾನದ ಆರನ್ನು ಐದು ಮಾಡಲು ಮರೆತು ಅದೂ 45 ಬರೆಯಿತು. ಒಂದಕ್ಕೆ ಬಿಡಿಸುವುದೇ ಗೊತ್ತಿಲ್ಲ, ಇನ್ನೊಂದಕ್ಕೆ ಮುಕ್ಕಾಲು ಪಾಲು ಗೊತ್ತಿದೆ, ಉತ್ತರ ಮಾತ್ರ ಒಂದೇ. ಹತ್ತರಲ್ಲಿ ಐದು ಹೋದರೂ ಐದೇ ಉಳಿಯುವುದರಿಂದ ಹೀಗಾಗುತ್ತದೆ. 63 − 27ರಲ್ಲಿ ಅಂತರ ನಾಲ್ಕು. ಅಲ್ಲಿ ಮೊದಲ ಮಗು 44 ಬರೆಯುತ್ತದೆ, ಎರಡನೆಯದು 46. ನೋಡಿದ ಕೂಡಲೇ ಬೇರೆ ಬೇರೆ.

ಎಂಟನೇ ಲೆಕ್ಕ, ಚೀಟಿ ಇಟ್ಟುಕೊಂಡು

ಮಗುವಿನ ಮುಂದೆ ನೂರರ ನಾಲ್ಕು ಚೀಟಿ, ಒಂದರ ಎರಡು ಚೀಟಿ ಇವೆ. ಹತ್ತರ ಚೀಟಿಯ ಜಾಗ ಖಾಲಿ. ಎಂಟು ಬಿಡಿ ಕೊಡಬೇಕು, ಇರುವುದು ಎರಡು. 'ಹತ್ತರ ಮನೆಯಿಂದ ತಗೋ' ಎಂದರೆ ಅಲ್ಲಿ ಏನೂ ಇಲ್ಲ. ಇಲ್ಲಿ ಸುಮ್ಮನಿರಿ, ಮಗು ಯೋಚಿಸಲಿ. ಸ್ವಲ್ಪ ಹೊತ್ತಿಗೆ ಹೆಚ್ಚಿನ ಮಕ್ಕಳ ಕೈ ತಾನಾಗಿ ನೂರರ ಚೀಟಿಯ ಕಡೆ ಹೋಗುತ್ತದೆ. ಒಂದು ನೂರನ್ನು ಅಂಗಡಿಯವರಿಗೆ ಕೊಟ್ಟು ಹತ್ತರ ಹತ್ತು ಚೀಟಿ ತರಲಿ. ಈಗ ನೂರು ಮೂರು, ಹತ್ತು ಹತ್ತು, ಬಿಡಿ ಎರಡು. ಇಷ್ಟಾದ ಕೂಡಲೇ ಬರೆಯಿಸಿ: 4 ಹೊಡೆದು 3, ಸೊನ್ನೆ ಹೊಡೆದು 10. ಆಮೇಲೆ ಹತ್ತರ ಒಂದು ಚೀಟಿ ಕೊಟ್ಟು ಒಂದರ ಹತ್ತು ತರಲಿ. ಹತ್ತರ ಚೀಟಿ ಒಂಬತ್ತಾದವು, ಬಿಡಿ ಹನ್ನೆರಡಾದವು. ಈಗ 10 ಹೊಡೆದು 9, 2 ಹೊಡೆದು 12. ಚೀಟಿ ಒಂದು ಸಲ ಕೈ ಬದಲಾದರೆ ಬರವಣಿಗೆಯೂ ಒಂದು ಸಲ. ಎಲ್ಲ ಚಿಲ್ಲರೆ ಮುಗಿಸಿ ಆಮೇಲೆ ಬರೆಯೋಣ ಎಂದರೆ ಯಾವ ಚೀಟಿ ಯಾವ ಅಂಕಿಯಾಯಿತು ಎಂಬ ನಂಟು ಕಡಿದುಹೋಗುತ್ತದೆ.

```
  3   9  12
  4   0   2
- 1   6   8
-----------
  2   3   4
```

ಹನ್ನೆರಡರಲ್ಲಿ ಎಂಟು ಹೋದರೆ 4, ಒಂಬತ್ತರಲ್ಲಿ ಆರು ಹೋದರೆ 3, ಮೂರರಲ್ಲಿ ಒಂದು ಹೋದರೆ 2. ತಾಳೆ ನೋಡಲು 168ಕ್ಕೆ 234 ಕೂಡಿಸಿ, 402 ಬರಬೇಕು.

ಇದು ಚೀಟಿಯಲ್ಲಿ ಎರಡು ಮೂರು ಸಲ ಆದ ಮೇಲೆ ಒಂದು ಹತ್ತಿರದ ದಾರಿ ತೋರಿಸಬಹುದು. 402ರಲ್ಲಿ ಒಟ್ಟು ಎಷ್ಟು ಹತ್ತುಗಳಿವೆ? ನಲವತ್ತು. ಒಂದು ಬಿಡಿಸಿದರೆ ಮೂವತ್ತೊಂಬತ್ತು. 40ನ್ನು ಒಂದೇ ಗೆರೆಯಲ್ಲಿ ಹೊಡೆದು 39 ಬರೆದರೆ ಮುಗಿಯಿತು. ಆದರೆ ಮೊದಲ ದಿನವೇ ಇದನ್ನು ಹೇಳಿಕೊಟ್ಟರೆ 'ಸೊನ್ನೆ ಕಂಡರೆ ಒಂಬತ್ತು' ಎಂಬ ಅರ್ಧ ಸೂತ್ರವಷ್ಟೇ ಮಗುವಿನ ತಲೆಯಲ್ಲಿ ಉಳಿಯುತ್ತದೆ.

ತಪ್ಪು ಉತ್ತರವೇ ಹೇಳುವ ಕಥೆ

ಇದೇ ಲೆಕ್ಕದ ನಾಲ್ಕು ತಪ್ಪು ಉತ್ತರಗಳನ್ನು ಈಗ ಓದೋಣ.

366 ಬರೆದ ಮಗು ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ: 8ರಲ್ಲಿ 2, 6ರಲ್ಲಿ 0, 4ರಲ್ಲಿ 1. ಇದರ ಬೇರು ಬಹಳ ಸಲ ನಾವೇ ಒಂದನೇ ತರಗತಿಯಲ್ಲಿ ಹೇಳಿಕೊಟ್ಟ ಮಾತಿನಲ್ಲಿದೆ: 'ಯಾವಾಗಲೂ ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು.' ಮಗು ಆ ಮಾತನ್ನು ಇಡೀ ಸಂಖ್ಯೆಗೆ ಅನ್ವಯಿಸದೆ ಒಂದೊಂದು ಅಂಕಿಗೂ ಅನ್ವಯಿಸುತ್ತಿದೆ. ಅದಕ್ಕೆ 'ತಪ್ಪು' ಎಂದಷ್ಟೇ ಹೇಳಿದರೆ ಉಪಯೋಗವಿಲ್ಲ, ಅದು ನಿಮ್ಮ ಮಾತನ್ನೇ ಪಾಲಿಸಿದೆ. ಎರಡು ಅಂಕಿಗೆ ಹಿಂತಿರುಗಿ, ಕಡ್ಡಿ ಕೈಗೆ ಕೊಡಿ. 'ನಿನ್ನ ಹತ್ತಿರ ಬಿಡಿ ಮೂರೇ ಕಡ್ಡಿ ಇದೆ, ನನಗೆ ಏಳು ಕೊಡು' ಎಂದು ಕೇಳಿ. ಕೊಡುವುದು ಯಾವ ಸಂಖ್ಯೆಯಿಂದ, ಕೇಳುತ್ತಿರುವುದು ಯಾವ ಸಂಖ್ಯೆ ಎಂಬುದು ಅದಲು ಬದಲಾಗುವಂತಿಲ್ಲ ಎಂದು ಆಗ ಕೈಗೇ ತಿಳಿಯುತ್ತದೆ.

244 ಬರೆದ ಮಗು ಸರಿ ಉತ್ತರಕ್ಕಿಂತ ಹತ್ತು ಹೆಚ್ಚು ಬರೆದಿದೆ. ನೂರನ್ನು ಬಿಡಿಸಿತು, ಹತ್ತು ಹತ್ತುಗಳು ಬಂದವು, ಬಿಡಿಗೆ ಒಂದು ಕೊಟ್ಟಿತು, ಕೊಟ್ಟ ಮೇಲೆ ಹತ್ತನ್ನು ಒಂಬತ್ತು ಮಾಡಲಿಲ್ಲ. 334 ಬರೆದ ಮಗುವಿನದು ನೂರು ಹೆಚ್ಚು. ಸೊನ್ನೆಯನ್ನು ಒಂಬತ್ತು ಮಾಡಿತು, ಬಿಡಿಗೆ ಹನ್ನೆರಡು ಬರೆಯಿತು, ನೂರರ ನಾಲ್ಕನ್ನು ಮುಟ್ಟಲೇ ಇಲ್ಲ. ಈ ಎರಡರಲ್ಲೂ ಚಿಲ್ಲರೆ ಬಂತು, ಕೊಡಬೇಕಾದ ನೋಟು ಕೊಡಲಿಲ್ಲ. ಹತ್ತು ಹೆಚ್ಚಾದರೆ ಹತ್ತರ ನೋಟು, ನೂರು ಹೆಚ್ಚಾದರೆ ನೂರರ ನೋಟು ಕೈಯಲ್ಲೇ ಉಳಿದಿದೆ.

144 ಇವುಗಳಲ್ಲಿ ಎಲ್ಲಕ್ಕಿಂತ ಕುತೂಹಲದ್ದು. ಸರಿ ಉತ್ತರಕ್ಕಿಂತ ತೊಂಬತ್ತು ಕಡಿಮೆ. ಮಗುವಿಗೆ ಹತ್ತರ ಸ್ಥಾನದಲ್ಲಿ ಸೊನ್ನೆ ಕಂಡಿತು, ಅದನ್ನು ದಾಟಿ ನೇರವಾಗಿ ನೂರರಿಂದ ಒಂದು ತಂದು ಬಿಡಿಯ ಎರಡಕ್ಕೆ ಅಂಟಿಸಿ ಹನ್ನೆರಡು ಮಾಡಿತು. ಆಮೇಲೆ ಸೊನ್ನೆಯಲ್ಲಿ ಆರು ಹೋಗುವುದಿಲ್ಲ ಎಂದು ನೂರರಿಂದ ಇನ್ನೊಂದು ತಂದು ಹತ್ತು ಮಾಡಿತು. ನಾಲ್ಕು ಮೂರಾಯಿತು, ಮೂರು ಎರಡಾಯಿತು. ಕಾಗದದ ಮೇಲೆ ಎಲ್ಲವೂ ಅಚ್ಚುಕಟ್ಟಾಗಿ ಕಾಣುತ್ತದೆ, ಹೊಡೆದ ಗೆರೆಗಳೂ ಇವೆ. ಆದರೆ ಮೊದಲ ಸಲ ನೂರರ ನೋಟು ಕೊಟ್ಟು ತಂದದ್ದು ಹತ್ತೇ ರೂಪಾಯಿ. ತೊಂಬತ್ತು ರೂಪಾಯಿ ಅಂಗಡಿಯವರ ಬಳಿಯೇ ಉಳಿಯಿತು. ಇದನ್ನು ಹಾಗೆಯೇ ಕೇಳಿ: 'ನೂರು ಕೊಟ್ಟೆಯಲ್ಲ ಪುಟ್ಟಾ, ನಿನಗೆ ವಾಪಸ್ ಎಷ್ಟು ಬಂತು?' ಚೀಟಿಯಲ್ಲಿ ಆ ಹೆಜ್ಜೆಯನ್ನು ಮತ್ತೆ ಮಾಡುವಾಗ ಮಗು ತಾನೇ ತಡೆದು ನಿಲ್ಲುತ್ತದೆ.

ಇವು ಯಾವುದೂ ಅಲ್ಲದ ಉತ್ತರ ಬಂದರೆ, ಉದಾಹರಣೆಗೆ 224 ಅಥವಾ 233 ಆಗಿದ್ದರೆ, ಮೇಲಿನ 3, 9, 12 ಸರಿ ಇದೆಯೇ ನೋಡಿ. ಸರಿಯಿದ್ದರೆ ಬಿಡಿಸುವ ಕ್ರಮಕ್ಕೆ ಏನೂ ಆಗಿಲ್ಲ, ಒಂಬತ್ತರಲ್ಲಿ ಆರು, ಹನ್ನೆರಡರಲ್ಲಿ ಎಂಟು ಎಂಬ ಸಣ್ಣ ಲೆಕ್ಕ ಎಡವಿದೆ. ಅದಕ್ಕೆ ಮದ್ದು ಬೇರೆ: ಇಪ್ಪತ್ತರೊಳಗಿನ ಕಳೆಯುವ ಲೆಕ್ಕವನ್ನು ಬಾಯಿಲೆಕ್ಕದಲ್ಲಿ ಗಟ್ಟಿ ಮಾಡಿಸುವುದು.

ಮೂರನೇ ಭಾಗ: ಗಿಣಿರಾಮನ ಲೆಕ್ಕ, ಸರಿಯೋ ತಪ್ಪೋ?

ಈ ಭಾಗವನ್ನು ಅದೇ ದಿನ ಕೊಡಬೇಡಿ, ಮಾರನೇ ದಿನ ಕೊಡಿ. ಎರಡನೇ ಭಾಗದ ಮೊದಲ ಐದರಲ್ಲಿ ಮೂರಾದರೂ ಸರಿ ಮಾಡಿದ ಮಗುವಿಗೆ ಇದು ಸಾಗುತ್ತದೆ. ಅದಕ್ಕಿಂತ ಹಿಂದಿರುವ ಮಗುವಿಗೆ ಸರಿ ಕ್ರಮವೇ ಇನ್ನೂ ಕೂತಿರುವುದಿಲ್ಲ, ತಪ್ಪು ಲೆಕ್ಕ ತೋರಿಸಿದರೆ ಅದನ್ನೇ ಮಾದರಿ ಎಂದುಕೊಳ್ಳುವ ಅಪಾಯವಿದೆ.

ತಪ್ಪು ಮಾಡಿದವನು ಒಬ್ಬ ಗಿಣಿರಾಮನಾಗಿರಲಿ. ತರಗತಿಯ ಯಾವ ಮಗುವಿನ ಹೆಸರನ್ನೂ ಇಡಬೇಡಿ, ಹಿಂದಿನ ದಿನ ಯಾರೋ ಮಾಡಿದ ತಪ್ಪನ್ನು ಅವರದೇ ಅಕ್ಷರದಲ್ಲಿ ತೋರಿಸಬೇಡಿ. ಬೇರೆಯವರ ತಪ್ಪು ಹುಡುಕುವ ಖುಷಿ ಬೇಕು, ಒಬ್ಬರು ತಲೆ ತಗ್ಗಿಸುವಂತಾಗಬಾರದು.

ಆರು ಲೆಕ್ಕಗಳು. ಹೊಡೆದ ಗೆರೆ, ಮೇಲೆ ಬರೆದ ಅಂಕಿ ಎಲ್ಲವನ್ನೂ ಗಿಣಿರಾಮ ಬರೆದಂತೆಯೇ ಕೈಯಲ್ಲಿ ಬರೆದುಕೊಡಿ. ಬರೀ ಉತ್ತರ ಕೊಟ್ಟರೆ ಮಗು ಲೆಕ್ಕವನ್ನು ಹೊಸದಾಗಿ ಮಾಡಿ 'ತಪ್ಪು' ಎನ್ನುತ್ತದೆ ಅಷ್ಟೇ, ಎಲ್ಲಿ ತಪ್ಪಿತು ಎಂದು ಹುಡುಕುವುದಿಲ್ಲ.

ಅ) 52 − 38 = 26. ಮೇಲೆ ಯಾವ ಗುರುತೂ ಇಲ್ಲ.
ಆ) 74 − 46 = 38. ಬಿಡಿಯ 4 ಹೊಡೆದು 14 ಬರೆದಿದೆ, 7 ಹಾಗೇ ಇದೆ.
ಇ) 561 − 237 = 324. 6 ಹೊಡೆದು 5, 1 ಹೊಡೆದು 11.
ಈ) 503 − 276 = 137. 5 ಹೊಡೆದು 4, ಅದನ್ನೂ ಹೊಡೆದು 3. ಸೊನ್ನೆಯ ಮೇಲೆ 10, ಮೂರರ ಮೇಲೆ 13.
ಉ) 830 − 412 = 420. ಯಾವ ಗುರುತೂ ಇಲ್ಲ.
ಊ) 645 − 182 = 453. 6 ಹೊಡೆದು 5, 4 ಹೊಡೆದು 14.

ಪ್ರತಿ ಲೆಕ್ಕಕ್ಕೂ ಮಗು ಮಾಡಬೇಕಾದದ್ದು ನಾಲ್ಕು ಕೆಲಸ. ಮೊದಲು ಉತ್ತರಕ್ಕೆ ಕೆಳಗಿನ ಸಂಖ್ಯೆಯನ್ನು ಕೂಡಿಸಿ ಮೇಲಿನ ಸಂಖ್ಯೆ ಬರುತ್ತದೆಯೇ ನೋಡಬೇಕು. ಬಂದರೆ ಸರಿ ಗುರುತು ಹಾಕಿ ಮುಂದೆ ಹೋಗಬೇಕು. ಬರದಿದ್ದರೆ ಬಲಗಡೆಯಿಂದ ನೋಡುತ್ತಾ ಬಂದು, ಮೊಟ್ಟಮೊದಲು ತಪ್ಪಿದ ಜಾಗಕ್ಕೆ ಬೇರೆ ಬಣ್ಣದ ಪೆನ್ನಿನಲ್ಲಿ ಸುತ್ತು ಹಾಕಬೇಕು. ಆಮೇಲೆ 'ಗಿಣಿರಾಮ ಇಲ್ಲಿ ______ ಮಾಡಿದ, ______ ಮಾಡಬೇಕಿತ್ತು' ಎಂಬ ಒಂದು ವಾಕ್ಯ ತುಂಬಬೇಕು. ಕೊನೆಗೆ ಪಕ್ಕದ ಖಾಲಿ ಚೌಕಗಳಲ್ಲಿ ಲೆಕ್ಕವನ್ನು ಹೊಸದಾಗಿ ಮಾಡಬೇಕು.

ಈ ನಾಲ್ಕರಲ್ಲಿ ತೂಕದ್ದು ಆ ವಾಕ್ಯ. ಮಕ್ಕಳು ಅದನ್ನು ಬಿಟ್ಟು ಮುಂದಕ್ಕೆ ಹಾರಲು ನೋಡುತ್ತಾರೆ. 'ಗಿಣಿರಾಮ ತಪ್ಪು ಕಳೆದ' ಎಂದು ಬರೆದರೆ ಒಪ್ಪಿಕೊಳ್ಳಬೇಡಿ, 'ಯಾವ ಮನೆಯಲ್ಲಿ? ಏನು ಕಳೆದ?' ಎಂದು ಕೇಳಿ. 'ಆ' ಲೆಕ್ಕಕ್ಕೆ 'ಒಂದು ಹತ್ತು ಬಿಡಿಸಿದ, ಆದರೆ ಏಳನ್ನು ಆರು ಮಾಡಲಿಲ್ಲ' ಎಂದು ಬರೆದ ಮಗುವಿಗೆ ತನ್ನ ಹಾಳೆಯಲ್ಲಿ ಅದೇ ತಪ್ಪು ಕಾಣುವ ಕಣ್ಣು ಬಂದಿದೆ. ಬರೆಯಲು ಕಷ್ಟಪಡುವ ಮಗು ಬಾಯಲ್ಲಿ ಹೇಳಲಿ, ನೀವು ಬರೆದುಕೊಳ್ಳಿ.

'ಇ' ಲೆಕ್ಕ ಪೂರ್ತಿ ಸರಿಯಿದೆ, ಅದು ಇರಲೇಬೇಕು. ಎಲ್ಲವೂ ತಪ್ಪು ಎಂದು ಗೊತ್ತಾದರೆ ಮಗು ತಾಳೆ ನೋಡುವ ಗೋಜಿಗೇ ಹೋಗುವುದಿಲ್ಲ. ಸರಿಯಾದದ್ದನ್ನೂ ಕೆಡಿಸಿಟ್ಟರೆ ಅದು ಕೂಡಿಸಿ ನೋಡಿಲ್ಲ ಎಂದು ನಿಮಗೆ ತಿಳಿಯುತ್ತದೆ. 'ಊ' ಲೆಕ್ಕದಲ್ಲಿ ಬಿಡಿಸಿದ್ದು ಸರಿಯಿದೆ, ಹದಿನಾಲ್ಕರಲ್ಲಿ ಎಂಟು ಹೋದರೆ ಐದು ಎಂದದ್ದು ತಪ್ಪು. ಇಲ್ಲಿ ಕೆಲವು ಮಕ್ಕಳು ಮೇಲಿನ 5 ಅಥವಾ 14ಕ್ಕೆ ಸುತ್ತು ಹಾಕುತ್ತಾರೆ. ಅಂದರೆ 'ಹೊಡೆದು ಬರೆದ ಜಾಗದಲ್ಲೇ ತಪ್ಪಿರುತ್ತದೆ' ಎಂದು ಊಹಿಸಿದ್ದಾರೆ, ಓದಿಲ್ಲ.

ದೊಡ್ಡವರಿಗೆ ತಾಳೆ: 'ಅ' ಸರಿ ಉತ್ತರ 14, ಬಿಡಿಯಲ್ಲಿ ತಲೆಕೆಳಗಾಗಿ ಎಂಟರಲ್ಲಿ ಎರಡು ಕಳೆದಿದ್ದಾನೆ. 'ಆ' 28. 'ಈ' 227, ಕೂಡಿಸಿದರೆ 413 ಬರುತ್ತದೆ, 503ಕ್ಕೆ ತೊಂಬತ್ತು ಕಡಿಮೆ, ಮೇಲೆ ಹೇಳಿದ ನೂರು ಕೊಟ್ಟು ಹತ್ತು ತಂದ ಕಥೆಯೇ. 'ಉ' 418, ಸೊನ್ನೆಯಲ್ಲಿ ಎರಡು ಹೋಗುವುದಿಲ್ಲವಾದ್ದರಿಂದ ಸೊನ್ನೆಯೇ ಎಂದು ಬರೆದುಬಿಟ್ಟಿದ್ದಾನೆ. 'ಊ' 463.

ಕೂಡಿಸಿ ತಾಳೆ ನೋಡುವುದಕ್ಕೆ ಒಂದು ಮಿತಿಯಿದೆ. ದಶಕ ಸಹಿತ ಸಂಕಲನ ಇನ್ನೂ ಗಟ್ಟಿಯಾಗದ ಮಗು ತಾಳೆ ನೋಡುವುದರಲ್ಲೇ ತಪ್ಪುತ್ತದೆ, ಆಗ ಸರಿಯಿದ್ದದ್ದೂ ತಪ್ಪಾಗಿ ಕಾಣುತ್ತದೆ. ಅಂಥವರಿಗೆ ಅ, ಆ, ಇ ಮೂರನ್ನು ಮಾತ್ರ ಕೊಟ್ಟು, ತಾಳೆಯನ್ನು ಚೀಟಿಯಲ್ಲಿ ಮಾಡಿಸಿ.

ನಾಲ್ಕನೇ ಭಾಗ: ಎರಡೇ ಪ್ರಶ್ನೆ

ತೋಟದಲ್ಲಿ 305 ತೆಂಗಿನಕಾಯಿ ಕೆಡವಿದರು. ಸಂತೆಯಲ್ಲಿ 128 ಮಾರಿದರು. ಉಳಿದವು ಎಷ್ಟು? (177.) ಇದನ್ನು ಅಡ್ಡ ಬರೆದುಕೊಡಿ, ಉದ್ದಕ್ಕೆ ಬರೆದುಕೊಳ್ಳುವ ಕೆಲಸ ಮಗುವಿನದು. ಬಿಡಿಯ ಕೆಳಗೆ ಬಿಡಿ ಬಾರದೆ ಸಂಖ್ಯೆ ಜರುಗುವ ತಪ್ಪು ಇಲ್ಲಷ್ಟೇ ಸಿಕ್ಕಿಬೀಳುತ್ತದೆ. ಎರಡೂ ಮೂರಂಕಿ ಇದ್ದಾಗ ಅದು ಅಡಗಿರಬಹುದು, ಹಾಗಾಗಿ 312 − 45 ಎಂದು ಇನ್ನೊಂದನ್ನೂ ಬಾಯಲ್ಲಿ ಹೇಳಿ ಬರೆಯಿಸಿ. ಉತ್ತರ 267. 45ರ ನಾಲ್ಕನ್ನು ಮೂರರ ಕೆಳಗೆ ಬರೆದವರಿಗೆ ಚೌಕದ ತಲೆಯ ಮೇಲೆ ನೂ, ಹ, ಬಿ ಎಂದು ಬರೆದುಕೊಳ್ಳಲು ಹೇಳಿ.

ಎರಡನೇ ಪ್ರಶ್ನೆ: ಗಿಣಿರಾಮನಿಗಾಗಿ ನೀನೇ ಒಂದು ತಪ್ಪು ಲೆಕ್ಕ ಮಾಡು, ಪಕ್ಕದವರು ಹುಡುಕಲಿ. ಬೇಕೆಂದೇ ತಪ್ಪು ಮಾಡಲು ಸರಿ ದಾರಿ ಗೊತ್ತಿರಬೇಕು. ಎಲ್ಲಿ ತಪ್ಪಿಸಿದರೆ ಪಕ್ಕದವರಿಗೆ ಸುಲಭವಾಗಿ ಸಿಗುವುದಿಲ್ಲ ಎಂದು ಮಗು ಹುಡುಕುವಾಗ ಮೇಲಿನ ಹೊಡೆದ ಅಂಕಿಗಳನ್ನು ಒಂದೊಂದಾಗಿ ಓದುತ್ತದೆ. ನಿಜವಾಗಿ ಗೊತ್ತಿಲ್ಲದೆ ತಪ್ಪಿದವರ ಹಾಳೆಯಲ್ಲಿ ಒಂದೇ ಬದಲು ಎರಡು ತಪ್ಪು ಸಿಗುತ್ತವೆ, ಆಗ 'ಒಂದೇ ತಪ್ಪಿರಬೇಕು' ಎಂದು ವಾಪಸ್ ಕೊಡಿ.

ಒಂದು ವಾರ ಬಿಟ್ಟು ಮೂರೇ ಲೆಕ್ಕ ಕೊಟ್ಟು ನೋಡಿ: 81 − 37, 926 − 548, 604 − 237. ಸರಿ ಉತ್ತರ 44, 378, 367. ಮೂರನೆಯದಕ್ಕೆ 433 ಬಂದರೆ ಕಡ್ಡಿಗೆ ಹಿಂತಿರುಗಿ. 377 ಆಗಿದ್ದರೆ ಹತ್ತನ್ನು ಒಂಬತ್ತು ಮಾಡಿಲ್ಲ, 467 ಆಗಿದ್ದರೆ ನೂರನ್ನು ಮುಟ್ಟಿಲ್ಲ. 277 ಬಂದರೆ ಚೀಟಿಗಳ ಡಬ್ಬಿಯನ್ನು ಮತ್ತೆ ಮೇಜಿನ ಮೇಲಿಡಿ, ತೊಂಬತ್ತು ರೂಪಾಯಿ ಇನ್ನೂ ಅಂಗಡಿಯಲ್ಲೇ ಇದೆ.